ಐದು ಅಂಕದ ರಜಾ ಅರ್ಜಿ

ಹತ್ತನೇ ತರಗತಿಗೆ ಕನ್ನಡ ಹೇಳಿಕೊಡಲು ಶುರುಮಾಡಿ ಇಪ್ಪತ್ತಮೂರು ವರ್ಷವಾಯಿತು. ಅಷ್ಟೂ ವರ್ಷ ಶಾಲೆಯ ಕಿರುಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆಗಳಲ್ಲಿ, ನಡುನಡುವೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರಗಳಲ್ಲಿ ಪತ್ರಲೇಖನದ ಉತ್ತರಗಳನ್ನು ಓದುತ್ತ ಬಂದಿದ್ದೇನೆ. ಅವುಗಳಲ್ಲಿ ಮಕ್ಕಳಿಗೆ ಅತ್ಯಂತ ಸುಲಭ ಅನ್ನಿಸುವುದು ಮುಖ್ಯೋಪಾಧ್ಯಾಯರಿಗೆ ಬರೆಯುವ ರಜಾ ಅರ್ಜಿ. ಪ್ರಶ್ನೆಪತ್ರಿಕೆಯಲ್ಲಿ ಅದು ಕಂಡರೆ ಹಿಂದಿನ ಬೆಂಚಿನವರ ಮುಖವೂ ಅರಳುತ್ತದೆ. ಆದರೆ ಐದಕ್ಕೆ ಐದು ಕೊಟ್ಟ ರಜಾ ಅರ್ಜಿಗಳು ನನ್ನ ಕೈಯಲ್ಲಿ ಅಷ್ಟೊಂದು ಬಂದಿಲ್ಲ. ಮೂರು, ಮೂರೂವರೆಯ ಹತ್ತಿರವೇ ಹೆಚ್ಚಿನವು ನಿಂತುಬಿಡುತ್ತವೆ. ಯಾಕೆ ಹಾಗಾಗುತ್ತದೆ ಎಂದು ನಾನು ಕಂಡುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾತು ಗಾಳಿಯಲ್ಲಿ ಹೋಗದಿರಲಿ ಎಂದು ಒಂದು ಉತ್ತರವನ್ನೇ ಮುಂದಿಟ್ಟುಕೊಳ್ಳೋಣ. ತರಗತಿಯ ಪರೀಕ್ಷೆಗೆ ನಾನೇ ಕೊಟ್ಟ ಪ್ರಶ್ನೆ ಇದು: "ನಿಮ್ಮನ್ನು ಬೇಲೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿರುವ ಕಾವ್ಯ ಎಂದು ಭಾವಿಸಿ, ಅಕ್ಕನ ಮದುವೆಯ ಪ್ರಯುಕ್ತ ಮೂರು ದಿನಗಳ ರಜೆ ಕೋರಿ ನಿಮ್ಮ ಶಾಲೆಯ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಿರಿ." ಬಂದ ಉತ್ತರ ಹೀಗಿತ್ತು. ಒಬ್ಬ ಹುಡುಗಿಯ ಪತ್ರಕ್ಕೆ ಇನ್ನೊಂದಿಬ್ಬರ ತಪ್ಪುಗಳನ್ನೂ ಸೇರಿಸಿದ್ದೇನೆ, ಹೊಸದಾಗಿ ಏನನ್ನೂ ಹುಟ್ಟಿಸಿಲ್ಲ.

ಇವರಿಂದ,
ಕಾವ್ಯ
10ನೇ ತರಗತಿ
ಬೇಲೂರು

ಇವರಿಗೆ,
ಮುಖ್ಯೋಪಾದ್ಯಾಯರಿಗೆ
ಸರ್ಕಾರಿ ಪ್ರೌಢಶಾಲೆ

ಮಾನ್ಯರೇ,
ವಿಷಯ: ರಜೆಯ ಬಗ್ಗೆ.

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ ನಾನು ಕಾವ್ಯ 10ನೇ ತರಗತಿಯಲ್ಲಿ ಓದುತ್ತಿದ್ದು ನಮ್ಮ ಅಕ್ಕನ ಮದುವೆ ಇರುವುದರಿಂದ ನಾನು ದಿನಾಂಕ 6ರಿಂದ 9ರವರೆಗೆ ಶಾಲೆಗೆ ಬರಲು ಆಗಲಿಲ್ಲ ಆದ್ದರಿಂದ ದಯಮಾಡಿ ನನಗೆ ಮೂರು ದಿನ ರಜೆಯನ್ನು ದಯಪಾಲಿಸಬೇಕೆಂದು ದಯವಿಟ್ಟು ವಿನಂತಿಸಿಕೊಳ್ಳುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿದೇಯ ವಿಧ್ಯಾರ್ಥಿ
ಕಾವ್ಯ

ಮೇಲ್ನೋಟಕ್ಕೆ ಎಲ್ಲವೂ ಇದೆ. ಮನೆಯಲ್ಲಿ ಅಪ್ಪ ಅಮ್ಮ ನೋಡಿದರೆ "ಸರಿಯಾಗೇ ಬರೆದಿದ್ದಾಳಲ್ಲ, ಯಾಕೆ ಅಂಕ ಕಡಿದರು?" ಎಂದು ಕೇಳುತ್ತಾರೆ. ಕೇಳಿದ್ದಾರೆ ಕೂಡ.

1. ಚೌಕಟ್ಟಿಗೆ ಸಿಗುವ ಅಂಕ ಬಾಯಿಪಾಠದಿಂದ ಬರುತ್ತದೆ, ಮಿಕ್ಕಿದ್ದು ಬರುವುದಿಲ್ಲ

ನನ್ನ ತರಗತಿಯ ಪರೀಕ್ಷೆಗಳಲ್ಲಿ ಈ ಐದು ಅಂಕವನ್ನು ನಾನು ಒಡೆದುಕೊಳ್ಳುವ ಬಗೆ ಇದು: ಇವರಿಂದ, ಇವರಿಗೆ, ಸ್ಥಳ, ದಿನಾಂಕ ಇಷ್ಟಕ್ಕೆ ಒಂದು. ಸಂಬೋಧನೆ ಮತ್ತು ವಿಷಯಕ್ಕೆ ಒಂದು. ಪತ್ರದ ಒಡಲಿಗೆ ಎರಡು. ಮುಕ್ತಾಯ ಮತ್ತು ಸಹಿಗೆ ಒಂದು. ಮೌಲ್ಯಮಾಪನ ಕೇಂದ್ರದಲ್ಲಿ ಕೊಡುವ ಸೂಚಿಯ ಹಂಚಿಕೆ ಒಂದೊಂದು ಸಲ ಒಂದೊಂದು ರೀತಿ ಇರಬಹುದು. ಅಲ್ಲಿ ಅದನ್ನೇ ಪಾಲಿಸಬೇಕು, ನಮ್ಮ ಲೆಕ್ಕ ನಡೆಯುವುದಿಲ್ಲ. ಆದರೆ ಚೌಕಟ್ಟಿಗೊಂದು ಪಾಲು, ಒಡಲಿಗೊಂದು ಪಾಲು ಎಂಬುದು ಎಲ್ಲಿ ಹೋದರೂ ತಪ್ಪದು.

ನಾನು ಓದುವ ಕ್ರಮವನ್ನೇ ಹೇಳಿಬಿಡುತ್ತೇನೆ. ಮೊದಲು ಕಣ್ಣು ಪುಟದ ಎಡಗಡೆಯಲ್ಲಿ ಮೇಲಿಂದ ಕೆಳಕ್ಕೆ ಜಾರುತ್ತದೆ. ಇವರಿಂದ ಇದೆಯೇ, ಇವರಿಗೆ ಇದೆಯೇ, ವಿಷಯ ಇದೆಯೇ, ದಿನಾಂಕ ಇದೆಯೇ. ಇಷ್ಟಕ್ಕೆ ನಾಲ್ಕೈದು ಸೆಕೆಂಡು ಸಾಕು. ಆಮೇಲೆ ವಿಷಯದ ಸಾಲು ಓದುತ್ತೇನೆ. ಅಲ್ಲಿಂದ ನೇರವಾಗಿ ಒಡಲಿನಲ್ಲಿರುವ ದಿನಾಂಕಗಳಿಗೆ ಹೋಗುತ್ತೇನೆ. ಕೊನೆಗೆ ಸಹಿಯ ಹೆಸರು ಮೇಲಿನ ಹೆಸರಿಗೆ ತಾಳೆಯಾಗುತ್ತದೆಯೇ ನೋಡುತ್ತೇನೆ. ಇಷ್ಟಾದ ಮೇಲೇ ಪೂರ್ತಿ ವಾಕ್ಯ ಓದುವುದು. ಬೆಳಿಗ್ಗೆ ಒಂದು ಕಟ್ಟು ಉತ್ತರಪತ್ರಿಕೆ, ಮಧ್ಯಾಹ್ನ ಇನ್ನೊಂದು ಕಟ್ಟು ಕೈಗೆ ಬರುವಾಗ ಬೇರೆಯವರೂ ಹೆಚ್ಚುಕಡಿಮೆ ಹೀಗೇ ಓದುತ್ತಾರೆ.

ಇದರಿಂದಲೇ ಒಂದು ಸಣ್ಣ ಕಿವಿಮಾತನ್ನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. ಪತ್ರವನ್ನು ಹೊಸ ಪುಟದಲ್ಲಿ ಶುರುಮಾಡಿ. ಪುಟದ ಕೊನೆಯ ನಾಲ್ಕು ಸಾಲಿನಲ್ಲಿ "ಇವರಿಂದ" ಬರೆದು, ಪುಟ ತಿರುಗಿಸಿ "ಇವರಿಗೆ" ಬರೆದರೆ ಓದುವವರ ಕಣ್ಣಿಗೆ ಪತ್ರದ ಆಕಾರವೇ ಸಿಗುವುದಿಲ್ಲ. ಸಾಲು ಬಿಟ್ಟು ಬರೆದ ರಜಾ ಅರ್ಜಿ ಸರಿಯಾಗಿ ಒಂದು ಪುಟ ಹಿಡಿಯುತ್ತದೆ.

2. 'ಇವರಿಗೆ' ಎಂದ ಮೇಲೆ ಇನ್ನೊಂದು 'ಗೆ' ಬೇಡ

ಮೇಲಿನ ಪತ್ರದಲ್ಲಿ "ಇವರಿಗೆ, ಮುಖ್ಯೋಪಾದ್ಯಾಯರಿಗೆ" ಎಂದಿದೆ. ಚತುರ್ಥಿ ವಿಭಕ್ತಿಯ ಪ್ರತ್ಯಯ 'ಗೆ' ಮೇಲೆ ಒಮ್ಮೆ ಬಂದಾಯಿತು. ಕೆಳಗೆ "ಮುಖ್ಯೋಪಾಧ್ಯಾಯರು" ಎಂದು ಪ್ರಥಮೆಯಲ್ಲೇ ಇರಬೇಕು. ಹಿಂದಿನವರು "ಇಂದ," "ಗೆ," ಎಂದಷ್ಟೇ ಬರೆಯುತ್ತಿದ್ದರು, ಈಗಲೂ ಕೆಲವು ಊರುಗಳಲ್ಲಿ ಅದೇ ರೂಢಿ. ಅದೂ ಇದೇ ತತ್ವ. ವಿಭಕ್ತಿ ಪ್ರತ್ಯಯವನ್ನು ಗುರುತಿಸಿ ಅಂಕ ತೆಗೆದುಕೊಂಡ ಹುಡುಗಿಯೇ ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ ಎರಡು 'ಗೆ' ಹಾಕಿರುತ್ತಾಳೆ. ವ್ಯಾಕರಣದ ಪ್ರಶ್ನೆ ಬೇರೆ, ಪತ್ರ ಬೇರೆ ಎಂದು ಅವಳ ತಲೆಯಲ್ಲಿ ಒಂದು ಗೋಡೆ ಎದ್ದಿದೆ. ಆ ಗೋಡೆ ಕಟ್ಟಿದವರಲ್ಲಿ ನಾವೂ ಇದ್ದೇವೆ.

ಇನ್ನು ಯಾರಿಗೆ ಎಂಬ ಮಾತು. ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಅಥವಾ ಮುಖ್ಯ ಶಿಕ್ಷಕರು. ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಮಕ್ಕಳು ದಿನವೂ ನೋಡುವವರು ಪ್ರಾಂಶುಪಾಲರು. ಪದವಿಪೂರ್ವ ಕಾಲೇಜಿನಲ್ಲೂ ಅವರೇ. ವಸತಿ ಶಾಲೆಯ ಹುಡುಗ ಅಭ್ಯಾಸಬಲದಿಂದ "ಪ್ರಾಂಶುಪಾಲರು" ಎಂದು ಬರೆದು, ಕೆಳಗೆ "ಸರ್ಕಾರಿ ಪ್ರೌಢಶಾಲೆ" ಎಂದು ಬರೆದಿದ್ದನ್ನು ಕಂಡಿದ್ದೇನೆ. ಪ್ರಶ್ನೆಯಲ್ಲಿ ಯಾವ ಪದ ಕೊಟ್ಟಿದ್ದಾರೋ ಅದನ್ನೇ ಎತ್ತಿಕೊಳ್ಳಬೇಕು. ಆ ಪದದ ಕಾಗುಣಿತವೂ ಪ್ರಶ್ನೆಯಲ್ಲೇ ಅಚ್ಚಾಗಿರುತ್ತದೆ! ಮೇಲಿನ ಪತ್ರದ ಹುಡುಗಿ ಕಣ್ಣೆದುರಿನ "ಧ್ಯಾ"ವನ್ನು ನೋಡದೆ "ದ್ಯಾ" ಬರೆದಿದ್ದಾಳೆ.

3. ವಿಷಯದ ಸಾಲು ಪ್ರಶ್ನೆಯಲ್ಲೇ ಇದೆ

"ರಜೆಯ ಬಗ್ಗೆ" ಎಂದು ವಿಷಯ ಬರೆದರೆ ಏನೂ ಬರೆದಂತಾಗಲಿಲ್ಲ. ರಜೆ ಬೇಕೋ, ಸಿಕ್ಕಿದ ರಜೆ ಸಾಲದೋ, ರಜೆ ಬೇಡವೋ? ವಿಷಯದ ಸಾಲಿನಲ್ಲಿ ಮೂರು ಸಂಗತಿ ಇರಬೇಕು: ಕಾರಣ, ಎಷ್ಟು ದಿನ, ಏನು ಕೇಳುತ್ತಿದ್ದೇನೆ. "ಅಕ್ಕನ ಮದುವೆಯ ಪ್ರಯುಕ್ತ ಮೂರು ದಿನಗಳ ರಜೆ ಕೋರಿ." ಪ್ರಶ್ನೆಯ ವಾಕ್ಯದಿಂದ ನಡುವಿನ ತುಂಡನ್ನು ಕತ್ತರಿಸಿಟ್ಟರೆ ಮುಗಿಯಿತು, ಸ್ವಂತದ್ದೇನೂ ಬೇಕಿಲ್ಲ.

"ಕೋರಿ" ಎಂದು ಅಲ್ಲಿಗೇ ನಿಲ್ಲಿಸಿದರೆ ಸಾಕೇ, ವಾಕ್ಯ ಪೂರ್ಣವಾಗಬೇಡವೇ ಎಂದು ಕೇಳುವ ಮಕ್ಕಳಿದ್ದಾರೆ. ಒಳ್ಳೆಯ ಪ್ರಶ್ನೆ. ವಿಷಯದ ಸಾಲು ತಲೆಬರಹ ಇದ್ದ ಹಾಗೆ, ಕ್ರಿಯಾಪದ ಅರ್ಧಕ್ಕೆ ನಿಂತಿದ್ದರೂ ನಡೆಯುತ್ತದೆ. "ಕೋರಿ ಪತ್ರ", "ಕೋರುವ ಕುರಿತು" ಎಂದರೂ ತಪ್ಪಿಲ್ಲ. ಒಂದೇ ಸಾಲಿನಲ್ಲಿ ಮುಗಿಸಿ, ಅಡಿಗೆರೆ ಎಳೆದರೆ ಕಣ್ಣಿಗೆ ಹಿತ.

4. ದಿನ ಎಣಿಸುವಾಗ ಬೆರಳು ಮಡಚಿ

ರಜಾ ಅರ್ಜಿಯ ಒಡಲಿನಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಭಾಷೆಯಲ್ಲಿ ಅಲ್ಲ, ಲೆಕ್ಕದಲ್ಲಿ. "6ರಿಂದ 9ರವರೆಗೆ ಮೂರು ದಿನ" ಎಂದು ಬರೆದವಳು ಒಂಬತ್ತರಲ್ಲಿ ಆರು ಕಳೆದಿದ್ದಾಳೆ. ಆದರೆ ಆರು, ಏಳು, ಎಂಟು, ಒಂಬತ್ತು ಎಂದು ಬೆರಳು ಮಡಚಿದರೆ ನಾಲ್ಕು. "ರಿಂದ" ಮತ್ತು "ರವರೆಗೆ" ಎರಡೂ ತುದಿಯ ದಿನಗಳನ್ನು ಒಳಗೆ ಸೇರಿಸಿಕೊಳ್ಳುತ್ತವೆ. ಹೀಗೆ ಕಳೆದು ಬರೆಯುವುದು ಎಷ್ಟು ಸಾಮಾನ್ಯವೆಂದರೆ, ವಿಷಯದಲ್ಲಿ "ಮೂರು ದಿನ" ಕಂಡ ಕೂಡಲೇ ನನ್ನ ಕಣ್ಣು ತಾನಾಗಿಯೇ ಒಡಲಿನ ದಿನಾಂಕ ಹುಡುಕುತ್ತದೆ.

ಆ ಹುಡುಗಿಯನ್ನು ಕರೆದು ಕೇಳಿದೆ. ಅವಳು ಬಿಡಲಿಲ್ಲ. "ಮಿಸ್, ನಡುವೆ ಭಾನುವಾರ ಬರುತ್ತೆ, ಅದಕ್ಕೆ ಮೂರೇ ದಿನ" ಎಂದಳು. ನನಗೇ ಒಂದು ಕ್ಷಣ ಮಾತು ನಿಂತಿತು. ಕ್ಯಾಲೆಂಡರ್ ತೆಗೆದು ನೋಡಿದರೆ 2026ರ ಫೆಬ್ರವರಿ 8 ನಿಜಕ್ಕೂ ಭಾನುವಾರ. ಅವಳ ತಲೆಯಲ್ಲಿ ಲೆಕ್ಕ ಸರಿಯಾಗಿತ್ತು, ಹಾಳೆಯ ಮೇಲೆ ಬಂದಿರಲಿಲ್ಲ. ತಿಂಗಳು, ವರ್ಷ ಎರಡನ್ನೂ ಬರೆಯದೆ ಬರಿದೇ "6ರಿಂದ 9" ಎಂದರೆ ಯಾವ ಭಾನುವಾರ ಎಂದು ಓದುವವರಿಗೆ ಹೇಗೆ ತಿಳಿಯಬೇಕು? "ದಿನಾಂಕ 06-02-2026, 07-02-2026 ಮತ್ತು 09-02-2026ರಂದು ಮೂರು ದಿನ" ಎಂದು ಬಿಡಿಸಿ ಬರೆದಿದ್ದರೆ ಅವಳ ಜಾಣತನ ನನಗೆ ಆಗಲೇ ಕಾಣುತ್ತಿತ್ತು. ಇಂಥ ತೊಡಕೇ ಬೇಡ ಎನ್ನುವವರು ನಡುವೆ ಭಾನುವಾರ ಬಾರದಂತೆ ಅಕ್ಕಪಕ್ಕದ ಮೂರು ದಿನ ಆರಿಸಿಕೊಳ್ಳಬಹುದು. ಮದುವೆಯ ದಿನ ಹೇಗೂ ನಮ್ಮ ಕೈಯಲ್ಲೇ ಇದೆ.

ಕೆಳಗೆ ಹಾಕುವ ಪತ್ರದ ದಿನಾಂಕದ ಬಗ್ಗೆಯೂ ಒಂದು ಮಾತು. ಬಹಳ ಮಕ್ಕಳು ಪರೀಕ್ಷೆಯ ದಿನವನ್ನೇ ಹಾಕುತ್ತಾರೆ. ಮಾರ್ಚಿನಲ್ಲಿ ಪರೀಕ್ಷೆ ಬರೆಯುತ್ತ, ಮಾರ್ಚಿನ ದಿನಾಂಕ ಹಾಕಿ, ಒಡಲಿನಲ್ಲಿ ಫೆಬ್ರವರಿಯ ಮದುವೆಗೆ ರಜೆ ಕೇಳಿದರೆ ಕಥೆ ಕೆಟ್ಟಿತು. ಮದುವೆಯ ಅರ್ಜಿಗೆ ರಜೆಗಿಂತ ಎರಡು ಮೂರು ದಿನ ಮೊದಲಿನ ದಿನಾಂಕ ಇರಬೇಕು. ಒಬ್ಬ ಹುಡುಗ ಜುಲೈ ಕೊನೆಯಲ್ಲಿ ಅಕ್ಕನ ಮದುವೆ ಇಟ್ಟಿದ್ದ. ಪಕ್ಕದಲ್ಲಿ ಕೂತಿದ್ದ ಹಿರಿಯ ಮೇಷ್ಟ್ರಿಗೆ ತೋರಿಸಿದೆ. "ಆಷಾಢದಲ್ಲಿ ಯಾವ ಪುರೋಹಿತರು ಸಿಕ್ಕರಂತೆ?" ಎಂದರು. ಅದಕ್ಕೆ ಅಂಕ ಕಡಿಯಲಿಲ್ಲ. ಪಂಚಾಂಗ ಮೌಲ್ಯಮಾಪನ ಸೂಚಿಯಲ್ಲಿ ಇಲ್ಲ.

5. ಮದುವೆ ಮುಂದಿದೆ, ಜ್ವರ ಹಿಂದಿದೆ

"ಅಕ್ಕನ ಮದುವೆ ಇರುವುದರಿಂದ ಶಾಲೆಗೆ ಬರಲು ಆಗಲಿಲ್ಲ." ಈ ವಾಕ್ಯದ ಮೊದಲರ್ಧ ಮುಂದಿನ ಮಾತು, ಎರಡನೆಯರ್ಧ ಹಿಂದಿನ ಮಾತು. ಎಲ್ಲಿಂದ ಬಂತು ಈ ಬೆರಕೆ ಎಂದು ಹುಡುಕಿದರೆ ಕಾರಣ ಸುಲಭವಾಗಿ ಸಿಗುತ್ತದೆ. ಮಕ್ಕಳು ಬಾಯಿಪಾಠ ಮಾಡಿರುವುದು ಜ್ವರದ ಅರ್ಜಿ, ಪರೀಕ್ಷೆಯಲ್ಲಿ ಬಂದಿರುವುದು ಮದುವೆಯ ಅರ್ಜಿ. ಕಾರಣವನ್ನು ಮಾತ್ರ ಬದಲಿಸಿ, ಕ್ರಿಯಾಪದವನ್ನು ಹಾಗೇ ಬಿಟ್ಟಿರುತ್ತಾರೆ.

ಇವೆರಡೂ ಬೇರೆ ಬೇರೆ ಅರ್ಜಿಗಳು. ಮದುವೆ, ಗೃಹಪ್ರವೇಶ, ಊರಹಬ್ಬ ಇವು ಮೊದಲೇ ಗೊತ್ತಿರುವಂಥವು. ಇಲ್ಲಿ ಕ್ರಿಯಾಪದ ಮುಂದಕ್ಕೆ ನೋಡುತ್ತದೆ: "ನಡೆಯಲಿದೆ", "ಹಾಜರಾಗಲು ಸಾಧ್ಯವಾಗುವುದಿಲ್ಲ", "ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ". ಜ್ವರ ಹಾಗಲ್ಲ, ಹೇಳಿ ಬರುವುದಿಲ್ಲ. ಹುಷಾರಾಗಿ ಶಾಲೆಗೆ ಬಂದ ದಿನ ಬರೆದುಕೊಡುವ ಅರ್ಜಿ ಅದು: "ಜ್ವರ ಬಂದಿದ್ದರಿಂದ ಹಾಜರಾಗಲು ಸಾಧ್ಯವಾಗಲಿಲ್ಲ", "ಆ ದಿನಗಳ ಗೈರುಹಾಜರಿಯನ್ನು ರಜೆಯೆಂದು ಪರಿಗಣಿಸಬೇಕೆಂದು ಕೋರುತ್ತೇನೆ". ಆಗ ಪತ್ರದ ದಿನಾಂಕವೂ ರಜೆಯ ನಂತರದ್ದಾಗುತ್ತದೆ. ಜ್ವರಕ್ಕೆ ಮುಂಚಿತವಾಗಿ ರಜೆ ಕೇಳಿದ ಪತ್ರಗಳೂ ಬರುತ್ತವೆ: "ಮುಂದಿನ ಸೋಮವಾರದಿಂದ ಬುಧವಾರದವರೆಗೆ ನನಗೆ ಜ್ವರ ಇರುವುದರಿಂದ..." ಇಂಥ ಮಗುವಿಗೆ ಜ್ಯೋತಿಷ್ಯದಲ್ಲಿ ಒಳ್ಳೆಯ ಭವಿಷ್ಯವಿದೆ. ವೈದ್ಯರು ಇನ್ನೂ ಮೂರು ದಿನ ವಿಶ್ರಾಂತಿ ಹೇಳಿದ್ದಾರೆ ಎಂದು ಮನೆಯಿಂದಲೇ ಬರೆದು ಕಳಿಸುವ ಅರ್ಜಿಯಾದರೆ ಮಾತು ಬೇರೆ. ಅಲ್ಲಿ ಎರಡು ಕಾಲವೂ ನ್ಯಾಯವಾಗಿ ಬರುತ್ತವೆ.

ಪತ್ರ ಬರೆಯುವ ಮೊದಲು ಮಕ್ಕಳಿಗೆ ಒಂದೇ ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇನೆ: ಈ ಅರ್ಜಿ ಹಿಡಿದು ನೀನು ಮುಖ್ಯೋಪಾಧ್ಯಾಯರ ಕೊಠಡಿಯ ಬಾಗಿಲಲ್ಲಿ ನಿಂತಿದ್ದೀಯ, ಹೋಗುವ ಮೊದಲೋ, ಹೋಗಿ ಬಂದ ಮೇಲೋ? ಇದಕ್ಕೆ ಉತ್ತರ ಸಿಕ್ಕರೆ ಕ್ರಿಯಾಪದ, ದಿನಾಂಕ ಎರಡೂ ತಾವಾಗಿಯೇ ಸರಿಯಾಗುತ್ತವೆ.

6. ದಯೆ ಒಮ್ಮೆ ಸಾಕು

"ದಯಮಾಡಿ ನನಗೆ ರಜೆಯನ್ನು ದಯಪಾಲಿಸಬೇಕೆಂದು ದಯವಿಟ್ಟು." ಒಂದೇ ಸಾಲಿನಲ್ಲಿ ಮೂರು ಸಲ ದಯೆ. "ವಿನಂತಿಸಿಕೊಳ್ಳುವುದೇನೆಂದರೆ" ಎಂದು ಶುರುಮಾಡಿ "ವಿನಂತಿಸಿಕೊಳ್ಳುತ್ತೇನೆ" ಎಂದು ಮುಗಿಸುವುದೂ ಇದೇ ಜಾತಿಯದು. ಕಚೇರಿಯ ಕಾಗದಗಳಲ್ಲಿ ಈ "ಏನೆಂದರೆ" ಶತಮಾನದಿಂದ ಬೇರುಬಿಟ್ಟಿದೆ, ಅದನ್ನು ಹುಡುಗರು ಬಿಡಬೇಕು ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಒಮ್ಮೆ ಆ ಕೊಂಡಿ ಹಾಕಿದರೆ ವಾಕ್ಯ ಎಲ್ಲಿ ಮುಗಿಸಬೇಕೆಂದು ತಿಳಿಯದೆ, "ಓದುತ್ತಿದ್ದು", "ಇರುವುದರಿಂದ", "ಆದ್ದರಿಂದ" ಎಂದು ಗೂಡ್ಸ್ ರೈಲಿನಂತೆ ಡಬ್ಬಿಗಳು ಸೇರುತ್ತ ಹೋಗುತ್ತವೆ. ಐವತ್ತು ಪದದ ಒಂದು ವಾಕ್ಯ ಬರೆದು ನಡುವೆ ತಾವೇ ಎಡವುತ್ತಾರೆ. ನಾಲ್ಕೈದು ಸಣ್ಣ ವಾಕ್ಯ ಮಾಡಿ: ನಾನು ಯಾರು, ಏನು ಇದೆ, ಯಾವ ದಿನ ಬರಲಾಗುವುದಿಲ್ಲ, ಏನು ಬೇಕು. ಬೇಕೆನಿಸಿದರೆ ಬಿಟ್ಟುಹೋದ ಪಾಠದ ಬಗ್ಗೆ ಒಂದು ಮಾತು.

"ರಜೆ ಕೊಡಿ" ಎಂದರೆ ಒರಟಾಗುತ್ತದೆ, "ನೀಡಬೇಕು" ಎಂದು ನಿಲ್ಲಿಸಿದರೆ ಅಪ್ಪಣೆಯಾಗುತ್ತದೆ. "ನೀಡಬೇಕೆಂದು ಕೋರುತ್ತೇನೆ" ಎಂದರೆ ಹದ. ನೀವು, ನಿಮ್ಮ ಎಂಬುದರ ಬದಲು ತಾವು, ತಮ್ಮ. ಒಮ್ಮೆ ತಾವು ಎಂದವರು ಮುಂದಿನ ಸಾಲಿನಲ್ಲಿ ನೀವು ಎನ್ನಬಾರದು. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಅರ್ಧ ಮಕ್ಕಳು ಜಾರಿರುತ್ತಾರೆ. ತಮ್ಮನ ಉಪನಯನಕ್ಕೆ ರಜೆ ಕೇಳಿದ ಒಬ್ಬಳು "ತಮ್ಮ ಉಪನಯನಕ್ಕೆ" ಎಂದು ಬರೆದು ಮುಖ್ಯೋಪಾಧ್ಯಾಯರಿಗೇ ಜನಿವಾರ ಹಾಕಿಸಿದ್ದಳು.

7. ಕ್ಷೇಮ ಸಮಾಚಾರಕ್ಕೆ ಇಲ್ಲಿ ಜಾಗವಿಲ್ಲ

ಪ್ರಶ್ನೆಯಲ್ಲಿ "ಅಥವಾ" ಎಂದು ಎರಡು ಪತ್ರ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಒಂದು ವ್ಯಾವಹಾರಿಕ, ಇನ್ನೊಂದು ತಂದೆಗೋ ಗೆಳತಿಗೋ ಬರೆಯುವ ಖಾಸಗಿ ಪತ್ರ. ಇವೆರಡೂ ಕಲಸಿಹೋದರೆ "ನಾನು ಇಲ್ಲಿ ಕ್ಷೇಮವಾಗಿದ್ದೇನೆ, ತಮ್ಮ ಕ್ಷೇಮ ತಿಳಿಸಿ. ನನಗೆ ಮೂರು ದಿನದಿಂದ ವಿಪರೀತ ಜ್ವರ" ಎಂಬಂಥ ಪತ್ರ ಹುಟ್ಟುತ್ತದೆ. ಮುಖ್ಯೋಪಾಧ್ಯಾಯರಿಗೆ "ತೀರ್ಥರೂಪು" ಎಂದು ಬರೆದವರೂ ಇದ್ದಾರೆ.

8. ಕಾಗುಣಿತದಲ್ಲಿ ನಾಲ್ಕೇ ಪದ ನೋಡಿಕೊಳ್ಳಿ

ರಜಾ ಅರ್ಜಿಯಲ್ಲಿ ಬರುವ ಪದಗಳು ಕೆಲವೇ, ತಪ್ಪುಗಳೂ ಅವವೇ. ಮುಖ್ಯೋಪಾಧ್ಯಾಯ, ವಿದ್ಯಾರ್ಥಿ, ವಿಧೇಯ, ಕೃತಜ್ಞತೆ. ಮೊದಲ ಎರಡನ್ನು ಸಂಧಿ ಬಿಡಿಸಿ ಕಲಿಸುತ್ತೇನೆ. ಮುಖ್ಯ, ಉಪಾಧ್ಯಾಯ ಸೇರಿ ಮುಖ್ಯೋಪಾಧ್ಯಾಯ, ಗುಣಸಂಧಿ. ವಿದ್ಯಾ, ಅರ್ಥಿ ಸೇರಿ ವಿದ್ಯಾರ್ಥಿ, ಸವರ್ಣದೀರ್ಘ ಸಂಧಿ. ವಿದ್ಯೆಯಲ್ಲಿ ಎಲ್ಲೂ ಹೊಟ್ಟೆ ಸೀಳಿದ 'ಧ' ಇಲ್ಲ, ಹಾಗಾಗಿ ವಿದ್ಯಾರ್ಥಿಯಲ್ಲೂ ಇಲ್ಲ. ವಿಧೇಯದಲ್ಲಿ ಇದೆ. ಮೇಲಿನ ಪತ್ರದ ಹುಡುಗಿ ಎರಡನ್ನೂ ಅದಲುಬದಲು ಮಾಡಿದ್ದಾಳೆ, ಮಹಾಪ್ರಾಣ ಒಂದು ಕಡೆ ಇರಬೇಕೆಂದು ಅವಳಿಗೆ ಗೊತ್ತಿದೆ, ಎಲ್ಲಿ ಎಂಬುದು ಗೊತ್ತಿಲ್ಲ. ಜೊತೆಗೆ ಕಾವ್ಯ ಹುಡುಗಿ, ಆದ್ದರಿಂದ ಸಹಿಯ ಮೇಲೆ "ವಿದ್ಯಾರ್ಥಿನಿ" ಎಂದಾಗಬೇಕಿತ್ತು. ಪರೀಕ್ಷೆ ಬರೆಯುವವರು ಹುಡುಗನೇ ಆಗಿದ್ದರೂ, ಪ್ರಶ್ನೆ ಕಾವ್ಯ ಎಂದರೆ ಆ ಒಂದು ಪುಟದ ಮಟ್ಟಿಗೆ ಅವನು ವಿದ್ಯಾರ್ಥಿನಿಯೇ. ಕೃತಜ್ಞತೆಯನ್ನು "ಕೃತಘ್ನತೆ" ಎಂದು ಬರೆದರೆ ಉಪಕಾರ ಮರೆಯುವವಳು ಎಂದಾಗುತ್ತದೆ. ಖಾತ್ರಿ ಇಲ್ಲದಿದ್ದರೆ "ವಂದನೆಗಳೊಂದಿಗೆ" ಎಂದು ಬರೆದು ಪಾರಾಗಬಹುದು.

ಮಂಡ್ಯ, ಮೈಸೂರು ಕಡೆ ಅಕಾರ ಹಕಾರದ ಗೋಳು ಬೇರೆ ಇದೆ. ಮಾತಿನಲ್ಲಿ ಹಬ್ಬ ಅಬ್ಬವಾಗುತ್ತದೆ. ಪರೀಕ್ಷೆಯಲ್ಲಿ ಅದನ್ನು ತಿದ್ದಬೇಕೆಂಬ ಎಚ್ಚರ ಅತಿಯಾಗಿ "ಹಕ್ಕನ ಮದುವೆ" ಎಂದು ಬರೆಯುತ್ತಾರೆ. ಧಾರವಾಡ, ಬೆಳಗಾವಿ ಕಡೆಯ ಮಕ್ಕಳಿಗೆ ರಜೆ ಎಂದರೆ ಸೂಟಿ. "ಮೂರು ದಿನ ಸೂಟಿ ಕೊಡಬೇಕು" ಎಂದಿದ್ದ ಪತ್ರವನ್ನು ಒಮ್ಮೆ ಓದಿದಾಗ ಕಿವಿಗೆ ಇಷ್ಟವಾಗಿತ್ತು. ವ್ಯಾವಹಾರಿಕ ಪತ್ರಕ್ಕೆ ಶಿಷ್ಟ ರೂಪ ಬೇಕೆಂಬ ನಿಯಮದಿಂದ ಅರ್ಧ ಅಂಕ ಕಡಿಮೆ ಮಾಡಿದೆ. ಈಗಲೂ ಅದು ಸರಿ ಅನ್ನಿಸಿಲ್ಲ.

ಇಂಗ್ಲಿಷ್ ಮಾಧ್ಯಮದ, ಕನ್ನಡವನ್ನು ದ್ವಿತೀಯ ಭಾಷೆಯಾಗಿ ಓದುವ ಮಕ್ಕಳ ತೊಂದರೆ ಕಾಗುಣಿತದಲ್ಲಿ ಇಲ್ಲ, ಬರವಣಿಗೆ ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ "ನಾನು ಜ್ವರದಿಂದ ನರಳುತ್ತಿದ್ದೇನೆ, ನಾನು ಶಾಲೆಯನ್ನು ಹಾಜರಾಗಲು ಅಸಮರ್ಥನಾಗಿದ್ದೇನೆ" ಎಂದು ಬರೆಯುತ್ತಾರೆ. ನರಳುವುದು ಆಸ್ಪತ್ರೆಯ ಮಂಚದ ಮೇಲಿನ ಮಾತು. ಕನ್ನಡದಲ್ಲಿ ಜ್ವರ ನಮಗೆ ಬರುತ್ತದೆ: "ನನಗೆ ಜ್ವರ ಬಂದಿದೆ." ನಾವು ಶಾಲೆಗೆ ಹಾಜರಾಗುತ್ತೇವೆ, ಶಾಲೆಯನ್ನಲ್ಲ.

9. ಸ್ವಂತ ಹೆಸರು ಬರೆಯಬೇಡಿ

ಪ್ರಶ್ನೆ ಕಾವ್ಯ ಎಂದರೆ ಸಹಿಯೂ ಕಾವ್ಯ. ಮೇಲೆ ಕಾವ್ಯ ಎಂದು ಬರೆದು, ಅಭ್ಯಾಸದಿಂದ ಕೆಳಗೆ ತಮ್ಮದೇ ಸಹಿ ಹಾಕುವವರು ಪ್ರತಿ ಕಟ್ಟಿನಲ್ಲೂ ಸಿಗುತ್ತಾರೆ. ಸಾರ್ವಜನಿಕ ಪರೀಕ್ಷೆಯಲ್ಲಿ ಉತ್ತರದ ಒಳಗೆ ಗುರುತು ಬಿಟ್ಟುಕೊಡಬಾರದು ಎಂಬುದು ಮೂಲ ಮಾತು. ತಮ್ಮ ಶಾಲೆಯ ಹೆಸರು, ನೋಂದಣಿ ಸಂಖ್ಯೆ ಯಾವುದೂ ಪತ್ರದಲ್ಲಿ ಬರಬಾರದು. ಹೆಸರು ಕೊಡದ ಪ್ರಶ್ನೆಯಾದರೆ "ಅ ಬ ಕ" ಎಂದು ಹಾಕಿಕೊಳ್ಳಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಅದೇ ಹುಡುಗಿಯಿಂದ ಅದೇ ಪತ್ರವನ್ನು ಮತ್ತೆ ಬರೆಸಿದೆ. ಹತ್ತು ನಿಮಿಷ ತೆಗೆದುಕೊಂಡಳು.

ಇವರಿಂದ,
ಕಾವ್ಯ,
10ನೇ ತರಗತಿ, 'ಎ' ವಿಭಾಗ,
ಸರ್ಕಾರಿ ಪ್ರೌಢಶಾಲೆ,
ಬೇಲೂರು, ಹಾಸನ ಜಿಲ್ಲೆ.

ಇವರಿಗೆ,
ಮುಖ್ಯೋಪಾಧ್ಯಾಯರು,
ಸರ್ಕಾರಿ ಪ್ರೌಢಶಾಲೆ,
ಬೇಲೂರು, ಹಾಸನ ಜಿಲ್ಲೆ.

ಮಾನ್ಯರೇ,
ವಿಷಯ: ಅಕ್ಕನ ಮದುವೆಯ ಪ್ರಯುಕ್ತ ಮೂರು ದಿನಗಳ ರಜೆ ಕೋರಿ.

ನಾನು ತಮ್ಮ ಶಾಲೆಯ 10ನೇ ತರಗತಿ 'ಎ' ವಿಭಾಗದಲ್ಲಿ ಓದುತ್ತಿದ್ದೇನೆ. ನನ್ನ ಅಕ್ಕನ ಮದುವೆಯು ದಿನಾಂಕ 08-02-2026ರ ಭಾನುವಾರ ತಿಪಟೂರಿನಲ್ಲಿ ನಡೆಯಲಿದೆ. ಮನೆಯವರೊಂದಿಗೆ ನಾನೂ ಎರಡು ದಿನ ಮೊದಲೇ ಹೊರಡಬೇಕಾಗಿದೆ. ಆದ್ದರಿಂದ ದಿನಾಂಕ 06-02-2026, 07-02-2026 ಮತ್ತು 09-02-2026ರಂದು ಶಾಲೆಗೆ ಹಾಜರಾಗಲು ಸಾಧ್ಯವಾಗುವುದಿಲ್ಲ. ಈ ಮೂರು ದಿನಗಳ ರಜೆಯನ್ನು ಮಂಜೂರು ಮಾಡಬೇಕೆಂದು ತಮ್ಮಲ್ಲಿ ಕೋರುತ್ತೇನೆ. ಬಿಟ್ಟುಹೋದ ಪಾಠಗಳನ್ನು ಗೆಳತಿಯರಿಂದ ಕೇಳಿ ಬರೆದುಕೊಳ್ಳುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಧೇಯ ವಿದ್ಯಾರ್ಥಿನಿ,
ಕಾವ್ಯ

ಸ್ಥಳ: ಬೇಲೂರು
ದಿನಾಂಕ: 04-02-2026

"ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ" ಎಂಬುದನ್ನು ಅವಳೇ ಬಿಟ್ಟಿದ್ದಳು. ಯಾಕೆ ಎಂದೆ. "ವಿಷಯ ಮೇಲೇ ಇದೆಯಲ್ಲ ಮಿಸ್" ಎಂದಳು. ಐದು ಕೊಟ್ಟೆ.

10. ಪೋಷಕರ ಸಹಿ

ಕೆಲವು ಮಕ್ಕಳು ಎಡಗಡೆ ಕೆಳಗೆ "ಪೋಷಕರ ಸಹಿ" ಎಂದು ಬರೆದು ಜಾಗ ಬಿಟ್ಟಿರುತ್ತಾರೆ. ಪರೀಕ್ಷೆಯ ಮಾದರಿಯಲ್ಲಿ ಅದು ಇಲ್ಲ, ಅದಕ್ಕೆ ಅಂಕವೂ ಇಲ್ಲ, ಇದ್ದರೆ ತಪ್ಪೂ ಅಲ್ಲ. ಅದನ್ನು ಬರೆದ ಮಗು ನಿಜವಾಗಿ ಯಾವತ್ತೋ ರಜಾ ಚೀಟಿ ತಂದುಕೊಟ್ಟಿದೆ ಎಂದು ನನಗೆ ಗೊತ್ತಾಗುತ್ತದೆ. ನಮ್ಮ ಶಾಲೆಯಲ್ಲಿ ರಜಾ ಚೀಟಿ ಮುಖ್ಯೋಪಾಧ್ಯಾಯರವರೆಗೆ ಹೋಗುವುದೇ ಅಪರೂಪ. ನೋಟ್ ಪುಸ್ತಕದ ನಡುವಿನ ಹಾಳೆ ಕಿತ್ತು, ಅಪ್ಪನ ಸಹಿ ಹಾಕಿಸಿ, ಹಾಜರಿ ಕರೆಯುವಾಗ ತರಗತಿಯ ಶಿಕ್ಷಕರ ಮೇಜಿನ ಮೇಲಿಟ್ಟರೆ ಆಯಿತು.

ಹೋದ ಜನವರಿಯಲ್ಲಿ ಎರಡು ದಿನ ಬಾರದಿದ್ದ ಹುಡುಗಿಯೊಬ್ಬಳು ಅಂಥದ್ದೇ ಒಂದು ಚೀಟಿ ತಂದಳು. ಇವರಿಂದ, ಇವರಿಗೆ, ವಿಷಯ, ಸ್ಥಳ, ದಿನಾಂಕ, ಒಂದೂ ತಪ್ಪಿಲ್ಲ. ಓದಿದೆ. "ಅಕ್ಕನ ಮದುವೆಯ ಪ್ರಯುಕ್ತ" ಎಂದಿತ್ತು. ಅವಳೇ ಮನೆಗೆ ಹಿರಿಯವಳು, ಅಕ್ಕ ಇಲ್ಲ ಎಂದು ನನಗೆ ಗೊತ್ತು.

"ನಿಜ ಹೇಳು, ಯಾಕೆ ಬರಲಿಲ್ಲ?"

"ಅಮ್ಮ ಕಾಫಿ ಕುಯ್ಯೋಕೆ ಹೋಗ್ತಿತ್ತು ಮಿಸ್. ತಮ್ಮನ್ನ ನೋಡ್ಕೊಳ್ಳೋರು ಇರ್ಲಿಲ್ಲ."

"ಮತ್ತೆ ಅದನ್ನೇ ಬರೀಬಾರ್ದಿತ್ತಾ?"

"ಅದು ಬುಕ್ಕಲ್ಲಿ ಇಲ್ವಲ್ಲ ಮಿಸ್."

ಚೀಟಿಯನ್ನು ತಿರುಗಿಸಿ ಅವಳ ಕೈಗೆ ಕೊಟ್ಟೆ, ಹಿಂಬದಿ ಖಾಲಿಯಿತ್ತು. ಮಧ್ಯಾಹ್ನದ ಬಿಸಿಯೂಟದ ಹೊತ್ತಿನಲ್ಲಿ ನಾಲ್ಕು ಸಾಲು ಬರೆದು ತಂದಳು. ವಿಷಯದ ಸಾಲು ಹೀಗಿತ್ತು: "ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದುದಕ್ಕೆ ಎರಡು ದಿನಗಳ ರಜೆ ಕೋರಿ." ಹಾಜರಿ ಪುಸ್ತಕದ ಒಳಗೆ ಇಟ್ಟುಕೊಂಡೆ.